ಮರಳುಗಲ್ಲಿನಲ್ಲಿ ನದಿ ಹರಿದ ದಿಕ್ಕು

ಬಾದಾಮಿಯ ಗುಹಾಲಯಗಳಿಗೆ ಹೋದವರ ಕಣ್ಣು ಶಿಲ್ಪಗಳ ಮೇಲೇ ನಿಲ್ಲುತ್ತದೆ. ಕೆತ್ತನೆಯಿಲ್ಲದ ಬಂಡೆಯಲ್ಲೂ ನೋಡುವುದು ಬೇಕಾದಷ್ಟಿದೆ. ಹೆಚ್ಚುಕಡಿಮೆ ಮಟ್ಟಸವಾಗಿ ಸಾಗುವ ದಪ್ಪ ಪದರಗಳ ನಡುವೆ, ಒಂದೇ ಕಡೆಗೆ ಇಳಿಯುವ ತೆಳ್ಳಗಿನ ಓರೆಗೆರೆಗಳು ಸಾಲಾಗಿ ಕಾಣುತ್ತವೆ. ಇವನ್ನು ಓರೆಪದರಗಳು ಎನ್ನಬಹುದು. ಈ ಮರಳುಗಲ್ಲು ಬಹುಪಾಲು ನದಿಗಳು ತಂದು ಹಾಕಿದ ಮರಳಿನಿಂದಾದದ್ದು. ಐವತ್ತು ಕೋಟಿ ವರ್ಷಗಳಿಗೂ ಹಳೆಯದು. ಆಗ ನೆಲದ ಮೇಲೆ ಗಿಡಮರಗಳೇ ಇರಲಿಲ್ಲ. ದಡವನ್ನು ಬೇರುಗಳು ಹಿಡಿದಿರಲಿಲ್ಲವಾದ್ದರಿಂದ ನದಿಗಳು ಹಲವು ಕವಲಾಗಿ, ಅಗಲವಾಗಿ ಹರಡಿ ಹರಿಯುತ್ತಿದ್ದವು. ಆ ನೀರು ಯಾವ ಕಡೆ ಹರಿಯಿತು ಎಂಬುದು ಈ ಗೆರೆಗಳಿಂದ ತಿಳಿಯುತ್ತದೆ.

ಹರಿಯುವ ನೀರು ತಳದ ಮರಳನ್ನು ದಿಬ್ಬಗಳಾಗಿ ಜೋಡಿಸುತ್ತದೆ. ದಿಬ್ಬದ ಮೇಲ್ಹೊಳೆಯ ಬದಿ ಸಣ್ಣ ಏರು, ಕೆಳಹೊಳೆಯ ಬದಿ ಕಡಿದಾದ ಇಳಿಜಾರು. ಮರಳಕಣಗಳು ಏರನ್ನು ಉರುಳುತ್ತ ಹತ್ತಿ ನೆತ್ತಿಯಲ್ಲಿ ಶೇಖರವಾಗುತ್ತವೆ. ಇಳಿಜಾರು ಸುಮಾರು 30 ಡಿಗ್ರಿ ದಾಟಿದಾಗ, ಲಾರಿಯಿಂದ ಸುರಿದ ಮರಳಿನ ರಾಶಿಯ ಬದಿ ಜರಿಯುವಂತೆ, ಕಣಗಳು ಕೆಳಕ್ಕೆ ಜಾರುತ್ತವೆ. ಒಂದೊಂದು ಜಾರುವಿಕೆಯೂ ಒಂದು ತೆಳುಪದರ. ಹೀಗೆ ಹಿಂದಿನಿಂದ ಕೊರೆಯುತ್ತ, ಮುಂದೆ ಪದರ ಸೇರಿಸುತ್ತ ದಿಬ್ಬವೇ ಕೆಳಹೊಳೆಯತ್ತ ಸರಿಯುತ್ತದೆ. ಆದ್ದರಿಂದ ಓರೆಪದರ ಯಾವ ಕಡೆ ಇಳಿಯುತ್ತದೋ ನೀರು ಆ ಕಡೆ ಹರಿದಿದೆ.

ಮುಂದೆ ಬಂದ ಪ್ರವಾಹ ದಿಬ್ಬದ ನೆತ್ತಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಬುಡ ಮಾತ್ರ ಹೂತು ಉಳಿಯುತ್ತದೆ. ಹಾಗಾಗಿ ಗೆರೆಗಳು ಮೇಲ್ತುದಿಯಲ್ಲಿ ಥಟ್ಟನೆ ಕತ್ತರಿಸಿದಂತೆ ಇರುತ್ತವೆ. ಕೆಳಗೆ ಎಷ್ಟೋ ಸಲ ನಿಧಾನವಾಗಿ ಬಾಗಿ ತಳಕ್ಕೆ ತಾಗುತ್ತವೆ. ಭೂಚಲನೆಯಿಂದ ಮಗುಚಿಬಿದ್ದ ಬಂಡೆಯಲ್ಲಿ ಮೂಲತಃ ಮೇಲಿದ್ದ ಬದಿ ಯಾವುದೆಂದು ಪತ್ತೆ ಹಚ್ಚುವುದೂ ಇದರಿಂದಲೇ.

ದಿಬ್ಬದ ಚಿಕ್ಕ ರೂಪವೇ ತೆರೆಗುರುತು. ಪದರದ ಮೇಲ್ಮೈಯಲ್ಲಿ ಕೆಲವು ಸೆಂಟಿಮೀಟರಿಗೊಂದರಂತೆ ಏಳುವ ಸಣ್ಣ ಏಣುಗಳಿವು. ಒಂದು ಬದಿ ನಿಧಾನದ ಏರು, ಇನ್ನೊಂದು ಕಡಿದು ಎಂದಿದ್ದರೆ ಅದು ಒಂದೇ ದಿಕ್ಕಿನ ಹರಿವಿನದು. ಕಡಿದಾದ ಬದಿಯೇ ಕೆಳಹೊಳೆ. ಎರಡೂ ಬದಿ ಸಮನಾಗಿದ್ದರೆ ಅದನ್ನು ಮಾಡಿದ್ದು ಕೆರೆಯದೋ ಕಡಲದೋ ಹಿಂದೆಮುಂದೆ ತೂಗುವ ಅಲೆ. ಅಂಥ ಗುರುತಿನಿಂದ ಏಣಿಗೆ ಅಡ್ಡಲಾಗಿ ನೀರು ಓಲಾಡಿತು ಎಂದಷ್ಟೇ ಹೇಳಬಹುದು, ಒಂದು ಕಡೆಯನ್ನು ಬೊಟ್ಟುಮಾಡಲಾಗದು.

ಓದುವಾಗ ಎಡವುವುದು ಸುಲಭ. ಬಂಡೆಯ ಒಂದೇ ಮುಖವನ್ನು ನೋಡಿ ದಿಕ್ಕು ನಿರ್ಧರಿಸುವುದು ಮೊದಲ ತಪ್ಪು. ಪದರಗಳು ಪೂರ್ವಕ್ಕೆ 30 ಡಿಗ್ರಿ ಇಳಿದಿವೆ ಎನ್ನೋಣ. ಪೂರ್ವ-ಪಶ್ಚಿಮವಾಗಿ ಕಡಿದ ಗೋಡೆಯಲ್ಲಿ ಆ 30 ಡಿಗ್ರಿ ಪೂರ್ತಿ ಕಾಣುತ್ತದೆ. ಗೋಡೆ ಅದರಿಂದ 60 ಡಿಗ್ರಿ ತಿರುಗಿದ್ದರೆ ಇಳಿಜಾರು ಸುಮಾರು 16 ಡಿಗ್ರಿಯಷ್ಟೇ ಎನಿಸುತ್ತದೆ. ಉತ್ತರ-ದಕ್ಷಿಣದ ಗೋಡೆಯಲ್ಲಂತೂ ಅದೇ ಪದರ ಮಟ್ಟಸ! ಅದಕ್ಕೇ ಬಂಡೆಯ ಮೂಲೆ ಹುಡುಕಿ ಎರಡು ಮುಖಗಳನ್ನು ಸೇರಿಸಿ ನೋಡಬೇಕು. ಪದರಗಳ ಗುಚ್ಛವೇ ಓರೆಯಾಗಿದ್ದರೆ ಲೆಕ್ಕದಲ್ಲಿ ಅದನ್ನು ಮಟ್ಟಸಕ್ಕೆ ತಂದು ಆಮೇಲೆ ದಿಕ್ಕು ಓದಬೇಕು. ಬಾದಾಮಿಯ ಕಲ್ಲು ಹೆಚ್ಚುಕಡಿಮೆ ಮಲಗಿದಂತೆಯೇ ಇರುವುದರಿಂದ ಅಲ್ಲಿ ಈ ತೊಡಕು ಕಡಿಮೆ. ಕಬ್ಬಿಣದ ಅಂಶದಿಂದಾದ ಕೆಂಪು, ನೇರಳೆ ಪಟ್ಟೆಗಳೂ ಮೋಸ ಮಾಡಬಲ್ಲವು. ಬಣ್ಣ ಮಾತ್ರ ಬದಲಾಗಿ ಕಣಗಳ ಗಾತ್ರ ಬದಲಾಗದಿದ್ದರೆ, ಪಟ್ಟೆ ಪದರಗಳನ್ನು ದಾಟಿ ಹೋಗಿದ್ದರೆ, ಅದು ಆಮೇಲೆ ಇಳಿದ ನೀರಿನ ಕಲೆ ಎಂದು ತಿಳಿಯಬೇಕು.

ಒಂದು ಅಳತೆಯಿಂದ ನದಿಯ ದಿಕ್ಕು ಸಿಗುವುದಿಲ್ಲ, ಏಕೆಂದರೆ ನದಿ ಬಾಗುತ್ತದೆ, ಕವಲೊಡೆಯುತ್ತದೆ. ಹಾಗಾಗಿ ಹಲವು ಜಾಗಗಳಲ್ಲಿ ದಿಕ್ಸೂಚಿ ಹಿಡಿದು ಅಳೆಯುತ್ತಾರೆ. ಉದಾಹರಣೆಗೆ ಐದು ಕಡೆ 340, 350, 10, 20, 30 ಡಿಗ್ರಿ ಬಂದಿತೆನ್ನಿ. ಉತ್ತರ ಸೊನ್ನೆ ಡಿಗ್ರಿ, ಹಾಗಾಗಿ ಇವೆಲ್ಲ ಉತ್ತರದ ಆಸುಪಾಸಿನವೇ. ಮಾಮೂಲಿ ಸರಾಸರಿ ತೆಗೆದರೆ ಬರುವುದು 150, ಅಂದರೆ ದಕ್ಷಿಣ-ಆಗ್ನೇಯ; ನದಿ ಹಿಮ್ಮುಖವಾಗಿ ಹರಿದಂತಾಯಿತು! ಪ್ರತಿಯೊಂದು ಅಳತೆಯನ್ನೂ ಬಾಣವೆಂದು ಭಾವಿಸಿ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ ಸುಮಾರು 6 ಡಿಗ್ರಿ ಬರುತ್ತದೆ, ಅದು ಸರಿಯುತ್ತರ. ಬಾಣಗಳು ಒಂದೇ ಕಡೆ ಒಟ್ಟಾದಷ್ಟೂ ತೀರ್ಮಾನ ಗಟ್ಟಿ. ಎರಡು ವಿರುದ್ಧ ದಿಕ್ಕುಗಳಿಗೆ ಹಂಚಿಹೋದರೆ ಅದು ಉಬ್ಬರವಿಳಿತದ ಜಾಗವಾಗಿತ್ತೇ ಎಂದು ಪರಿಶೀಲಿಸಬೇಕಾಗುತ್ತದೆ.

ಮುಂದಿನ ಸಲ ಬಾದಾಮಿಗೆ ಹೋದಾಗ ಕೆತ್ತನೆಯಿಲ್ಲದ ಬಂಡೆಯೊಂದರ ಮೂಲೆಯಲ್ಲಿ ನಿಂತು ಎರಡೂ ಮುಖಗಳ ಓರೆಗೆರೆಗಳನ್ನು ಹೋಲಿಸಿ. ಮೊಬೈಲಿನ ದಿಕ್ಸೂಚಿ ಸಾಕು. ಗೀಚುವುದು, ಸೀಮೆಸುಣ್ಣ ಹಚ್ಚುವುದು ಮಾತ್ರ ಬೇಡ.