ಗುಂಪಿನ ಚಿತ್ರದಿಂದ ಒಬ್ಬನನ್ನು ಬಿಡಿಸುವುದು

ಎಂಟು ಮಂದಿ ಯುವಕರು ಎರಡು ಸಾಲಾಗಿ ನಿಂತಿರುವ ಛಾಯಾಚಿತ್ರವೊಂದು ನಮ್ಮ ಮುಂದಿದೆ. ಅವರು ನಾಟಕವಾಡಿದ ದಿನ ಕಾಲೇಜಿನ ಅಂಗಳದಲ್ಲಿ ತೆಗೆದುದು. ಇದನ್ನು ಹೊಸ ಭಿತ್ತಿಪತ್ರದ ಮೇಲೆ ಅಚ್ಚು ಮಾಡಿಸಬೇಕೆಂಬುದು ಅವರ ಅಪೇಕ್ಷೆ. ಆದರೆ ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವನು, ತನ್ನ ಮುಖ ಊರಿನ ಗೋಡೆಗಳ ಮೇಲೆಲ್ಲ ಕಾಣಿಸುವುದು ಬೇಡವೆಂದು ಕೇಳಿಕೊಂಡಿದ್ದಾನೆ. ಕೇಳುವ ಹಕ್ಕು ಅವನಿಗುಂಟು. ಆದುದರಿಂದ ಅವನನ್ನೂ ಹಿಂದಿನ ಗೋಡೆಯನ್ನೂ ತೆಗೆದು, ಉಳಿದ ಏಳು ಮಂದಿಯನ್ನು ಮಾತ್ರ ಪಾರದರ್ಶಕವಾದ ಹಾಳೆಯ ಮೇಲೆ ನಿಲ್ಲಿಸಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತು.

ಚಿತ್ರದಿಂದ ಮನುಷ್ಯನನ್ನು ತೆಗೆಯುವುದು ಹೊಸ ವಿದ್ಯೆಯೇನೂ ಅಲ್ಲ. 1937ರಲ್ಲಿ ಮಾಸ್ಕೋ–ವೋಲ್ಗಾ ಕಾಲುವೆಯ ದಡದಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಡೆಯುತ್ತಿದ್ದ ಯೆಝೋವ್ ಮುಂದೆ ಅಧಿಕಾರದಿಂದ ಬಿದ್ದು 1940ರಲ್ಲಿ ಮರಣದಂಡನೆಗೆ ಗುರಿಯಾದನು. ಅದೇ ಚಿತ್ರದ ತಿದ್ದಿದ ಪ್ರತಿಯಲ್ಲಿ ಅವನಿದ್ದ ಎಡೆಯಲ್ಲಿ ಬರಿಯ ನೀರು ಕಾಣುತ್ತದೆ. ಆ ತಿದ್ದುಗಾರನು ಕುಂಚದಿಂದ ಸುಳ್ಳು ನೀರನ್ನು ಬರೆಯಬೇಕಾಯಿತು. ನಮ್ಮ ಕೆಲಸ ಅದಕ್ಕಿಂತ ಬೇರೆ. ನಾವು ಆ ಎಡೆಯನ್ನು ಏನಿಂದಲೂ ತುಂಬದೆ, ಖಾಲಿಯಾಗಿಯೇ ಬಿಡಬೇಕು.

ಖಾಲಿ ಎಂಬುದನ್ನು ಕಂಪ್ಯೂಟರಿಗೆ ತಿಳಿಸುವುದು ಹೇಗೆ? ಚಿತ್ರವೆಂದರೆ ಅದಕ್ಕೆ ಚುಕ್ಕೆಗಳ ಸಾಲುಗಳು. ಒಂದೊಂದು ಚುಕ್ಕೆಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳ ಮೂರು ಸಂಖ್ಯೆಗಳು. ಸಾಮಾನ್ಯವಾಗಿ ಪ್ರತಿಯೊಂದೂ 0ಯಿಂದ 255ರವರೆಗೆ. ಬಿಳಿಯೂ ಒಂದು ಬಣ್ಣವೇ ಆದುದರಿಂದ ಬಿಳಿಯನ್ನು ಬಳಿದರೆ ಖಾಲಿಯಾಗುವುದಿಲ್ಲ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ತಾಂತ್ರಿಕ ಸಂಸ್ಥೆಯಲ್ಲಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಎಂಬವರು ಪ್ರತಿ ಚುಕ್ಕೆಗೂ ನಾಲ್ಕನೆಯದೊಂದು ಸಂಖ್ಯೆಯನ್ನು ಜೊತೆಗೂಡಿಸಿ, ಅದನ್ನು ಆಲ್ಫಾ ಎಂದು ಕರೆದರು. ಆಲ್ಫಾ 255 ಆದರೆ ಚುಕ್ಕೆ ಪೂರ್ಣವಾಗಿ ಕಾಣುತ್ತದೆ. 0 ಆದರೆ ಕಾಣುವುದೇ ಇಲ್ಲ. 128ರ ಸುಮಾರಿಗೆ ಅರ್ಧ ಕಾಣುತ್ತದೆ. ಜೆಪೆಗ್ ಕಡತದಲ್ಲಿ ಈ ನಾಲ್ಕನೆಯ ಸಂಖ್ಯೆಗೆ ಸ್ಥಳವಿಲ್ಲ. ಪಿಎನ್‌ಜಿ ಕಡತದಲ್ಲಿ ಉಂಟು. ಬಹಳ ಹೊತ್ತು ಶ್ರಮಪಟ್ಟು ಕತ್ತರಿಸಿ, ಕೊನೆಗೆ ಜೆಪೆಗ್ ಆಗಿ ಉಳಿಸಿ, ಖಾಲಿಯಿದ್ದಲ್ಲಿ ಬಿಳಿ ಬಂದಿತೆಂದು ಕೊರಗುವವರು ಕಡಮೆಯಿಲ್ಲ.

ನಾವು ಬಳಸಿದುದು ಯಾರಿಗೂ ಉಚಿತವಾಗಿ ದೊರೆಯುವ ಗಿಂಪ್ ಎಂಬ ತಂತ್ರಾಂಶ. ಚಿತ್ರವನ್ನು ತೆರೆದು, ಮೊದಲು `Add Alpha Channel` ಎಂಬ ಆಜ್ಞೆಯಿಂದ ನಾಲ್ಕನೆಯ ಸಂಖ್ಯೆಯನ್ನು ಕೊಡಬೇಕು. ಬಳಿಕ `Paths` ಎಂಬ ಉಪಕರಣದಿಂದ ಉಳಿಯಬೇಕಾದವರ ಅಂಚಿನ ಗುಂಟ ಬಿಂದುಗಳನ್ನಿಟ್ಟು ಗೆರೆಯನ್ನು ಬಳಸಿ ತರಬೇಕು. ಆ ಗೆರೆಯನ್ನು ಆಯ್ಕೆಯನ್ನಾಗಿ ಮಾಡಿ, ಅದರಿಂದ ಒಂದು ಮುಸುಕನ್ನು ಕಟ್ಟಬೇಕು. ಮುಸುಕು ಬಿಳಿಯಾದೆಡೆ ಚಿತ್ರ ಕಾಣುತ್ತದೆ, ಕಪ್ಪಾದೆಡೆ ಮರೆಯಾಗುತ್ತದೆ. ತಪ್ಪಿದರೆ ಮತ್ತೆ ಬಿಳಿ ಬಳಿದು ಸರಿಪಡಿಸಬಹುದು. ಕಾಣಿಸಿಕೊಳ್ಳುವ ಬೂದು ಚೌಕಗಳ ಹಾಸು ಚಿತ್ರದ ಭಾಗವಲ್ಲ, ಖಾಲಿಯ ಗುರುತು ಮಾತ್ರ. ಆ ಬೂದು ಹಾಸಿನ ಮೇಲೆ ದೋಷಗಳು ಅಡಗಿಕೊಳ್ಳುವುದರಿಂದ, ಕೆಳಗೊಂದು ಕಡುಗೆಂಪು ಪದರವನ್ನಿಟ್ಟು ನೋಡಿದೆವು. ನೋಡಿದೊಡನೆ ಎರಡನೆಯವನ ಬಿಳಿಯ ಅಂಗಿಯ ಅಂಚಿನಲ್ಲಿ ಕೊಳೆಯಾದ ಒಂದು ನೂಲೆಳೆ ಕಂಡಿತು.

ಈ ನೂಲು ಎಲ್ಲಿಂದ ಬಂದಿತು? ಅಂಚಿನ ಚುಕ್ಕೆ ಯಾವನೊಬ್ಬನಿಗೂ ಸೇರಿದುದಲ್ಲ. ಬಿಳಿಯ ಅಂಗಿಯ ಕೆಂಪು ಅಂಶ 240, ಅದಕ್ಕೆ ತಗುಲಿದ್ದ ಮೂರನೆಯವನ ಕಡುನೀಲಿ ಕೋಟಿನದು 40 ಎಂದಿಟ್ಟುಕೊಳ್ಳೋಣ. ಎರಡೂ ಅರ್ಧರ್ಧ ಬಿದ್ದ ಚುಕ್ಕೆಯಲ್ಲಿ ಕ್ಯಾಮೆರಾ ಬರೆದಿಟ್ಟುದು ಸುಮಾರು 140. ಭಿತ್ತಿಪತ್ರದ ಬಣ್ಣದಲ್ಲಿ ಕೆಂಪು 200 ಇದ್ದರೆ, ಈ ಚುಕ್ಕೆಯನ್ನು ಹಾಗೆಯೇ ಬಿಟ್ಟಾಗ 140ರ ಕಪ್ಪು ಗೆರೆ ಎದ್ದು ಕಾಣುತ್ತದೆ. ಆಲ್ಫಾವನ್ನು ಅರ್ಧಕ್ಕೆ ಇಳಿಸಿದರೆ ಸಾಲದೆ ಎಂದು ಕೇಳಬಹುದು. 140ರ ಅರ್ಧ 70, 200ರ ಅರ್ಧ 100, ಕೂಡಿದರೆ 170. ನಿಜವಾಗಿ ಬರಬೇಕಾದುದು 240 ಮತ್ತು 200ರ ಅರ್ಧಗಳ ಮೊತ್ತ, ಎಂದರೆ 220. ಗೆರೆ ತೆಳುವಾಯಿತೇ ಹೊರತು ಹೋಗಲಿಲ್ಲ. ಕಾರಣವೇನೆಂದರೆ, ಹೊರಟುಹೋದವನ ಕೋಟು ಇನ್ನೂ ಆ 140ರೊಳಗೆ ಬೆರೆತಿದೆ. ಅದನ್ನು ಕಳೆಯಬೇಕು: 140ರಲ್ಲಿ ಕೋಟಿನ ಪಾಲು 20, ಉಳಿದ 120 ಅಂಗಿಯ ಅರ್ಧ, ಪೂರ್ಣ ಅಂಗಿ 240. ಆಲ್ಫಾವನ್ನು ತಿದ್ದುವುದು ಒಂದು ಕೆಲಸ, ಬಣ್ಣವನ್ನು ತಿದ್ದುವುದು ಮತ್ತೊಂದು. ಕೈಕೆಲಸದಲ್ಲಿ ಇದನ್ನು ಲೆಕ್ಕವಿಲ್ಲದೆಯೂ ಸಾಧಿಸಬಹುದು. ಆಲ್ಫಾ ಬದಲಾಗದಂತೆ ಬೀಗ ಹಾಕಿ, ಅಂಗಿಯ ಒಳಭಾಗದ ಬಣ್ಣವನ್ನೇ ಅಂಚಿನ ಮೇಲೆ ಎಳೆದರೆ ಆಯಿತು. ನೇರವಾದ ಬಟ್ಟೆಯಂಚಿನಲ್ಲಾದರೆ ಗೆರೆಯನ್ನು ಒಂದೆರಡು ಚುಕ್ಕೆ ಒಳಕ್ಕೆ ಸರಿಸಿದರೂ ಸಾಕು. ಕೂದಲಿಗೆ ಈ ಉಪಾಯ ನಡೆಯದು, ಕ್ಷೌರ ಮಾಡಿದಂತಾಗುತ್ತದೆ.

ಅಂಚಿಗಿಂತ ದೊಡ್ಡ ತೊಡಕು ಸ್ನೇಹದಿಂದ ಬಂದಿತು. ಮೂರನೆಯವನು ಎರಡನೆಯವನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದನು. ಕೈಯನ್ನು ತೆಗೆದರೆ ಅಂಗಿಯ ಹೆಗಲಿನಲ್ಲಿ ಇಲಿ ಕಡಿದಂತೆ ನಾಲ್ಕು ಬೆರಳಿನ ತೂತು ಉಳಿಯುತ್ತದೆ. ಬೆರಳಿನ ಹಿಂದಿದ್ದ ಬಟ್ಟೆಯನ್ನು ಕ್ಯಾಮೆರಾ ಕಂಡೇ ಇಲ್ಲ. ನಾವು ಅವನ ಇನ್ನೊಂದು ಹೆಗಲನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ತೇಪೆ ಹಾಕಿದೆವು. ಇದು ಊಹೆ, ದಾಖಲೆಯಲ್ಲ. ಬಟ್ಟೆಗೆ ಇಷ್ಟು ಸಲ್ಲುತ್ತದೆ. ಮರೆಯಾದುದು ಉಳಿಯುವವನ ಅರ್ಧ ಮುಖವಾಗಿದ್ದರೆ ಬೇರೆ ಚಿತ್ರ ತೆಗೆಸಿರೆಂದು ಹೇಳಿಬಿಡುತ್ತಿದ್ದೆವು. ನಡುವಿನ ತೆರಪನ್ನು ಮುಚ್ಚಲು ಎರಡು ಬದಿಯವರನ್ನು ಒತ್ತಾಗಿ ಸರಿಸಲೂ ಆಗಲಿಲ್ಲ, ಮುಂದಿನ ಸಾಲಿನವರ ತಲೆಗಳು ಅಡ್ಡ ಬಂದವು. ತೆರಪು ತೆರಪಾಗಿಯೇ ಉಳಿಯಿತು. ಅಲ್ಲಿ ನಾಟಕದ ಹೆಸರನ್ನು ಅಚ್ಚು ಮಾಡಿಸುವುದೆಂದು ಹುಡುಗರೇ ತೀರ್ಮಾನಿಸಿದರು.

ಕೆಲಸ ಮುಗಿಯಿತೆಂದುಕೊಂಡು ಕಡತವನ್ನು ಕೊಟ್ಟೆವು. ಮರುದಿನ ಆ ಮೂರನೆಯ ಹುಡುಗನೇ ಬಂದು, "ಸಾರ್, ನಾನಿನ್ನೂ ಅಲ್ಲೇ ಇದ್ದೇನೆ" ಎಂದನು. ತೋರಿಸಿಯೂ ಬಿಟ್ಟನು. ಗಿಂಪ್‌ನ `Eraser` ಉಪಕರಣಕ್ಕೆ `Anti erase` ಎಂಬ ಆಯ್ಕೆಯೊಂದಿದೆ. ಅದನ್ನು ಹಿಡಿದು ಖಾಲಿಯ ಮೇಲೆ ಉಜ್ಜಿದಂತೆ ಅವನ ಕೋಟು, ಕುತ್ತಿಗೆ, ನಗುಮುಖ ಒಂದೊಂದಾಗಿ ಮೇಲೆದ್ದವು! ಆತುರದಲ್ಲಿ ನಾವು ಕೊನೆಯ ಪ್ರತಿಯಲ್ಲಿ ಅವನನ್ನು ಮುಸುಕಿನಿಂದಲ್ಲ, ಅಳಿಸುವ ಉಪಕರಣದಿಂದಲೇ ತೆಗೆದಿದ್ದೆವು. ಅಳಿಸುವುದೆಂದರೆ ಅಲ್ಲಿ ನಡೆಯುವುದು ನಾಲ್ಕನೆಯ ಸಂಖ್ಯೆಯನ್ನು 0 ಮಾಡುವುದಷ್ಟೆ. ಮೊದಲ ಮೂರು ಸಂಖ್ಯೆಗಳು ಇದ್ದಂತೆಯೇ ಇರುತ್ತವೆ. ಪಿಎನ್‌ಜಿ ಕಡತವೂ ಅವನ್ನು ಹಾಗೆಯೇ ಹೊತ್ತುಕೊಂಡು ಹೋಗಬಲ್ಲುದು. ಅವನು ಹೋಗಿರಲಿಲ್ಲ, ಮರೆಯಲ್ಲಿ ನಿಂತಿದ್ದನು. ಆ ಕಡತ ಯಾರ ಕೈಗೆ ಸಿಕ್ಕಿದರೂ ಅವನ ಮುಖ ಸಿಕ್ಕಿದಂತೆಯೇ.

ಪರಿಹಾರ ಕಠಿನವಲ್ಲ. ಕಡತವನ್ನು ಹೊರಡಿಸುವಾಗ `Save color values from transparent pixels` ಎಂಬ ಗುರುತನ್ನು ತೆಗೆದುಬಿಟ್ಟರೆ ಕಾಣದ ಚುಕ್ಕೆಗಳ ಬಣ್ಣವೂ ಅಳಿಯುತ್ತದೆ. ಮುಸುಕುಳ್ಳ ಮೂಲ ಕಡತದಲ್ಲಾದರೆ ಇಡೀ ಮನುಷ್ಯನು ಮುಸುಕಿನ ಹಿಂದೆಯೇ ಇರುವುದರಿಂದ ಅದನ್ನು ಅಚ್ಚುಕೂಟಕ್ಕೆ ಕಳುಹಿಸಕೂಡದು. ನಾವು ಹೊಸ ಕಡತವನ್ನು ಹೊರಡಿಸಿ, ಮತ್ತೆ ತೆರೆದು, ಹುಡುಗನ ಕೈಗೇ ಆ ಉಪಕರಣವನ್ನು ಕೊಟ್ಟೆವು. ಅವನು ತಾನಿದ್ದ ಎಡೆಯನ್ನೆಲ್ಲ ಉಜ್ಜಿದನು. ಬರಿಯ ಕಪ್ಪು ಬಂದಿತು.