ಹಚ್ಚೆಯೂ ಕೈಗಡಿಯಾರವೂ

ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಐರಣಿಗೆ ಈಚೆಗೆ ಹೋಗಿದ್ದಾಗ, ನನ್ನ ವಿದ್ಯಾರ್ಥಿಯೊಬ್ಬನು ತನ್ನ ಸ್ಮಾರ್ಟ್ ವಾಚನ್ನು ಅಜ್ಜಿಯ ಮಣಿಕಟ್ಟಿಗೆ ಕಟ್ಟಿ ನಾಡಿಯನ್ನು ನೋಡಲೆತ್ನಿಸಿದನು. ಅಂಕಿ ಮೂಡಬೇಕಾದ ಕಡೆ ಬರಿಯ ಅಡ್ಡಗೆರೆಗಳಿದ್ದುವು. ಸ್ವಲ್ಪ ಹೊತ್ತಿನಲ್ಲಿ ವಾಚು ತಾನಾಗಿಯೇ ಲಾಕ್ ಆಗಿ ಗುಪ್ತಸಂಖ್ಯೆಯನ್ನು ಕೇಳಿತು. “ನನ್ನ ನಾಡಿ ನಿಂತೈತೇನೋ ತಮ್ಮಾ?” ಎಂದು ಅಜ್ಜಿ ಗಾಬರಿಗೊಂಡರು. ನಾಡಿ ನಿಂತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಹಾಕಿಸಿಕೊಂಡ ಹಚ್ಚೆಯ ಮೇಲೆಯೇ ವಾಚು ಕುಳಿತಿತ್ತು.

ವಾಚಿನ ತಳದಲ್ಲಿ ಹಸುರು ಬೆಳಕನ್ನು ಚೆಲ್ಲುವ ಸಣ್ಣ ದೀಪಗಳೂ, ಮರಳಿ ಬರುವ ಬೆಳಕನ್ನು ಅಳೆಯುವ ದ್ಯುತಿಕೋಶವೂ ಇರುತ್ತವೆ. ರಕ್ತವು ಹಸುರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಮಿಡಿದಾಗ ಮಣಿಕಟ್ಟಿಗೆ ಹೆಚ್ಚು ರಕ್ತ ಬಂದು, ಮರಳುವ ಬೆಳಕು ತುಸು ಕಡಮೆಯಾಗುತ್ತದೆ. ಈ ಏರಿಳಿತವೇ ನಾಡಿ.

ಹಚ್ಚೆ ಇಲ್ಲದ ಚರ್ಮದಿಂದ 1000 ಪಾಲು ಬೆಳಕು ಮರಳುತ್ತದೆಂದೂ, ಮಿಡಿತದಿಂದ ಅದರಲ್ಲಿ 10 ಪಾಲಿನ ವ್ಯತ್ಯಾಸವಾಗುತ್ತದೆಂದೂ ಭಾವಿಸೋಣ. ಹಚ್ಚೆಯ ಕಪ್ಪು ಹತ್ತರಲ್ಲಿ ಒಂದು ಪಾಲನ್ನಷ್ಟೇ ಬಿಡುವುದಾದರೆ, ಬೆಳಕು ಒಳಹೋಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ ಹತ್ತನೆಯ ಒಂದಾಗುತ್ತದೆ. 1000 ಇದ್ದದ್ದು 10 ಆಗುತ್ತದೆ. 10 ಪಾಲಿನ ಏರಿಳಿತ 0.1ಕ್ಕೆ ಇಳಿಯುತ್ತದೆ. ಅದು ಉಪಕರಣದ ಸಹಜ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಚರ್ಮದ ಸುಳಿವೇ ಸಿಗದಾಗ ವಾಚು ತನ್ನನ್ನು ಕೈಯಿಂದ ಬಿಚ್ಚಿಟ್ಟರೆಂದು ತಿಳಿದು ಲಾಕ್ ಆಗುತ್ತದೆ. ಕಳ್ಳನ ಕೈಗೆ ಸಿಕ್ಕೀತೆಂಬ ಎಚ್ಚರಿಕೆ ಅದು.

2015ರ ಏಪ್ರಿಲ್‌ನಲ್ಲಿ ಆಪಲ್ ವಾಚು ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಹಚ್ಚೆಯುಳ್ಳವರು ಇಂಥದೇ ತೊಂದರೆಯನ್ನು ಹೇಳಿಕೊಂಡರು. ಹಚ್ಚೆಯ ಬಣ್ಣ, ವಿನ್ಯಾಸ, ದಟ್ಟಣೆಗಳು ಬೆಳಕನ್ನು ತಡೆಯಬಲ್ಲವೆಂದು ಆ ಕಂಪನಿಯೂ ಒಪ್ಪಿಕೊಂಡಿತು.

ಆ ವಾಚಿನಲ್ಲಿ Settings, ಅದರೊಳಗೆ Passcode, ಅಲ್ಲಿ Wrist Detection ಎಂಬ ಆಯ್ಕೆಯಿದೆ. ಅದನ್ನು ಆರಿಸಿಬಿಟ್ಟರೆ ಪದೇಪದೇ ಲಾಕ್ ಆಗುವ ಕಾಟ ತಪ್ಪುತ್ತದೆ. ಆದರೆ ಕೈಯಿಂದ ಬಿಚ್ಚಿದರೂ ಅದು ತಾನಾಗಿ ಲಾಕ್ ಆಗುವುದಿಲ್ಲ. ಆಪಲ್ ಪೇ ಇರುವ ದೇಶಗಳಲ್ಲಿ ವಾಚಿನಿಂದ ಹಣ ಕೊಡುವಾಗಲೆಲ್ಲ ಗುಪ್ತಸಂಖ್ಯೆಯನ್ನು ಒತ್ತಬೇಕಾಗುತ್ತದೆ. ಹಿನ್ನೆಲೆಯಲ್ಲಿ ನಡೆಯುವ ನಾಡಿಯ ಎಣಿಕೆಯೂ ನಿಲ್ಲುತ್ತದೆ. ಅಂದರೆ ನಾಡಿ ಕಾಣದೆಂದು ಈ ಆಯ್ಕೆಯನ್ನು ಆರಿಸುವುದು ರೋಗವನ್ನು ಬಿಟ್ಟು ಬೇರೆಯದಕ್ಕೆ ಮದ್ದು ಕೊಟ್ಟಂತೆ.

ಕಾರಣವನ್ನು ಪತ್ತೆಹಚ್ಚುವುದು ಸುಲಭ. ಮೊದಲು ವಾಚಿನ ತಳವನ್ನೂ ಚರ್ಮವನ್ನೂ ಒರೆಸಿ, ಪಟ್ಟಿಯನ್ನು ಅಲುಗಾಡದಷ್ಟು ಬಿಗಿಮಾಡಬೇಕು. ಆಯ್ಕೆ ಚಾಲೂ ಇದೆಯೇ ಎಂದು ನೋಡಬೇಕು. ಆಮೇಲೂ ಅಂಕಿ ಬಾರದಿದ್ದರೆ ಹಚ್ಚೆಯಿಲ್ಲದ ಕೈಗೆ ಕಟ್ಟಬೇಕು. ಅಲ್ಲಿ ಅಂಕಿ ಬಂದರೆ ದೋಷ ಹಚ್ಚೆಯದು. ಅಲ್ಲಿಯೂ ಬಾರದಿದ್ದರೆ ವಾಚಿನದೇ ಇರಬಹುದು.

ಅಜ್ಜಿಯ ಇನ್ನೊಂದು ಕೈಗೆ ಕಟ್ಟಿದೆವು. ಕೆಲವು ಕ್ಷಣಗಳಲ್ಲಿ 76 ಎಂದು ಮೂಡಿತು. ಬೆರಳಿಟ್ಟು ನಾನು ಎಣಿಸಿದಾಗಲೂ ನಿಮಿಷಕ್ಕೆ ಹೆಚ್ಚುಕಡಮೆ ಅಷ್ಟೇ ಇತ್ತು. ಬೆರಳಿಗೆ ಹಚ್ಚೆಯ ಅಡ್ಡಿಯಿಲ್ಲ; ಅದು ನಾಡಿಯನ್ನು ಬೆಳಕಿನಿಂದಲ್ಲ, ಒತ್ತಡದಿಂದ ಅರಿಯುತ್ತದೆ.