ಲ್ಯಾಪ್‌ಟಾಪಿನ ಹಲ್ಲು ನೋಡುವುದು ಹೇಗೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ. ಗಾಜಿನ ಕೌಂಟರಿನ ಮೇಲೆ ಬಳಸಿದ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪೊಂದು ಬಂದು ಕೂತಿತು. ಒರೆಸಿ ಹೊಳಪೇರಿಸಿದ ಮೈ, ಹೇಳಿದ ಬೆಲೆ 19 ಸಾವಿರ. ಅಂಗಡಿಯವ ಗುಂಡಿ ಒತ್ತುವ ಮೊದಲೇ, ತುಮಕೂರಿನಿಂದ ಬಂದಿದ್ದ ಬಿ.ಕಾಂ. ವಿದ್ಯಾರ್ಥಿನಿಯ ಸೋದರಮಾವ ಅದನ್ನು ಎತ್ತಿ ತಳಕ್ಕೆ ಅಂಗೈ ಇಟ್ಟರು. ಬೆಚ್ಚಗಿತ್ತು.

‘ಆಗಲೇ ಆನ್ ಮಾಡಿ ಇಟ್ಟಿದ್ರಲ್ವಾ? ಪೂರ್ತಿ ಆಫ್ ಮಾಡಿ. ಟೀ ಕುಡಿದು ಬರ್ತೀವಿ’ ಎಂದರು.

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಲ್ಯಾಪ್‌ಟಾಪಿಗೂ ಅಂಥ ಹಲ್ಲುಗಳಿವೆ. ತಾನು ಎಷ್ಟು ದುಡಿದಿದ್ದೇನೆ ಎಂಬ ಲೆಕ್ಕವನ್ನು ಅದು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಆ ಲೆಕ್ಕವನ್ನು ಓದಿ, ಯಂತ್ರವನ್ನು ಓಡಿಸಿ ತಾಳೆ ನೋಡಲು ಒಂದು ಗಂಟೆ ಸಾಕು.

ತಣ್ಣಗಾಗಲಿ ಎಂದು ಕಾಯುವುದಕ್ಕೆ ಕಾರಣವಿದೆ. ಬಿರುಕುಬಿಟ್ಟ ಬೆಸುಗೆಯಂಥ ಕೆಲವು ದೋಷಗಳು ತಣ್ಣಗಿನ ಯಂತ್ರವನ್ನು ಆನ್ ಮಾಡುವಾಗ ಮಾತ್ರ ತಲೆದೋರುತ್ತವೆ. ಒಮ್ಮೆ ಬಿಸಿಯಾದರೆ ಏನೂ ಆಗದಂತೆ ಓಡುತ್ತದೆ. ಇನ್ನೊಂದು ಮರೆಯೂ ಉಂಟು. ವಿಂಡೋಸ್‌ನಲ್ಲಿ ಮಾಮೂಲಿಯಾಗಿ ‘ಶಟ್ ಡೌನ್’ ಒತ್ತಿದರೆ ಅದು ಅರೆನಿದ್ದೆಗೆ ಜಾರುವುದೇ ಹೆಚ್ಚು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದ ವಿಂಡೋಸ್ ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಂಡು, ಮುಂದಿನ ಸಲ ಬೇಗ ಏಳುತ್ತದೆ. ನಿಜವಾದ ಬೂಟ್ ನೋಡಬೇಕಾದರೆ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಆರಿಸಬೇಕು:

```
shutdown /s /t 0
```

ಟೀ ಮುಗಿಸಿ ಬಂದ ಮಾವ ಗುಂಡಿ ಒತ್ತಿದವರೇ F1 ಕೀಲಿ ತಟ್ಟಿದರು. ಥಿಂಕ್‌ಪ್ಯಾಡ್‌ನಲ್ಲಿ ಬಯಾಸ್ ತೆರೆಯುವುದು ಅದರಿಂದ. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಹಳೆಯ ಕಂಪನಿ ಹಾಕಿದ ಬೀಗ ಇನ್ನೂ ಬಿದ್ದೇ ಇದೆ ಎಂದರ್ಥ. ಮರೆತುಹೋದ ಸೂಪರ್‌ವೈಸರ್ ಪಾಸ್‌ವರ್ಡಿಗೆ ತಯಾರಕರು ಹೇಳುವ ಪರಿಹಾರ ಮದರ್‌ಬೋರ್ಡ್ ಬದಲಿಸುವುದು, ಆದ್ದರಿಂದ ಅಂಥದ್ದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಇಲ್ಲಿ ಪಾಸ್‌ವರ್ಡ್ ಕೇಳಲಿಲ್ಲ. ಒಳಗಿದ್ದದ್ದು 8ನೇ ತಲೆಮಾರಿನ ಐ5-8250ಯು ಪ್ರೊಸೆಸರ್. ವಿಂಡೋಸ್ 10ಕ್ಕೆ ಇದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರುಗಳಲ್ಲಿ ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ 8ನೇ ತಲೆಮಾರಿನಿಂದ ಈಚಿನವನ್ನು. 2018ರ ಈ ಮಾದರಿಯನ್ನು ಮಾವ ಆರಿಸಿದ್ದು ಅದಕ್ಕೇ.

ಮುಂದಿನದು ಡಿಸ್ಕು. ಮಾವ ಪೆನ್‌ಡ್ರೈವಿನಲ್ಲಿ ತಂದಿದ್ದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದರು. ಎಸ್‌ಎಸ್‌ಡಿಯ ಆರೋಗ್ಯ ಶೇ 86, `Power On Hours` ಎದುರಿಗೆ 11,400. ‘ಲೆಕ್ಕ ಹಾಕು’ ಎಂದರು ಸೊಸೆಗೆ. ಕಚೇರಿಯಲ್ಲಿ ದಿನಕ್ಕೆ 8 ಗಂಟೆ, ವರ್ಷಕ್ಕೆ 240 ದಿನ ಅಂದರೆ 1,920 ಗಂಟೆ. ಸುಮಾರು ಆರು ವರ್ಷದ ದುಡಿಮೆ. ಲ್ಯಾಪ್‌ಟಾಪಿನ ವಯಸ್ಸಿಗೆ ಇದು ಹೊಂದುತ್ತದೆ. ಹಳೆಯ ಯಂತ್ರದಲ್ಲಿ ಬರೀ ಹತ್ತು ಗಂಟೆ ಎಂದಿದ್ದರೆ ಡಿಸ್ಕ್ ಬದಲಾಗಿದೆ, ಇಲ್ಲವೇ ಲೆಕ್ಕ ತಿದ್ದಲಾಗಿದೆ. ಆಗ ಡಿಸ್ಕಿನ ಮೇಲಿರುವ ಹೆಸರು ಯಾವುದೆಂದು ನೋಡಬೇಕು.

ಅಂಕಿ ಚೆನ್ನಾಗಿದ್ದರೂ ಓಡಿಸಿ ನೋಡದೆ ನಂಬುವಂತಿಲ್ಲ. ಸುಮಾರು 10 ಜಿಬಿಯ ಕಡತವೊಂದನ್ನು ಅದೇ ಡಿಸ್ಕಿನಲ್ಲಿ ಇನ್ನೊಂದು ಕಡೆಗೆ ನಕಲು ಮಾಡಿದರೆ, ಶುರುವಿನಲ್ಲಿ ಓಡಿ ನಡುವೆ ನಿಧಾನವಾಗುವುದು ಸಹಜ. ವೇಗ ಸೊನ್ನೆಗೆ ಬಿದ್ದು ನಿಂತುನಿಂತು ಸಾಗಿದರೆ, ದೋಷದ ಸಂದೇಶ ಬಂದರೆ ಆ ಡಿಸ್ಕ್ ಬೇಡ. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ಇದ್ದರೆ `Current Pending Sector Count` ಎಂಬ ಸಾಲೊಂದನ್ನು ನೋಡಿದರೂ ಸಾಕು. ಅಲ್ಲಿ ಸೊನ್ನೆ ಅಲ್ಲದ ಅಂಕಿ ಇದ್ದರೆ, ಡಿಸ್ಕಿನ ಕೆಲವು ಜಾಗಗಳನ್ನು ಓದಲು ಅದೇ ಹೆಣಗುತ್ತಿದೆ.

ಬಿಸಿಯ ಪರೀಕ್ಷೆಯನ್ನು ಚಾರ್ಜರ್ ಹಾಕಿಯೇ ಮಾಡಬೇಕು. ಬ್ಯಾಟರಿಯ ಮೇಲಿದ್ದಾಗ ಪ್ರೊಸೆಸರ್ ಕೈ ಬಿಗಿಹಿಡಿಯಬಹುದು. ಮಾವ ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದು, ಸಿನಿಬೆಂಚ್ ಎಂಬ ಪರೀಕ್ಷಾ ತಂತ್ರಾಂಶವನ್ನು ಹದಿನೈದು ನಿಮಿಷ ಓಡಿಸಿದರು. ಈ ಪ್ರೊಸೆಸರಿಗೆ 100 ಡಿಗ್ರಿ ಸೆಲ್ಸಿಯಸ್ ಮಿತಿ. ಮೊದಲಿಗೆ 3 ಗಿಗಾಹರ್ಟ್ಸ್ ಹತ್ತಿರ ಹಾರಿ, ಆಮೇಲೆ ಕೆಳಗಿಳಿದು ಒಂದೇ ಹದದಲ್ಲಿ ಓಡುವುದು ಅದರ ಸ್ವಭಾವ. ಮೂಲ ವೇಗ 1.6 ಗಿಗಾಹರ್ಟ್ಸ್. ಅದಕ್ಕಿಂತ ಕೆಳಗೆ ಬೀಳಬಾರದು.

ನಾಲ್ಕನೇ ನಿಮಿಷಕ್ಕೆ ಉಷ್ಣತೆ 97 ಡಿಗ್ರಿ ಮುಟ್ಟಿತು, ವೇಗ 1.3ಕ್ಕೆ ಕುಸಿಯಿತು. ಫ್ಯಾನು ಭರ್ರೆನ್ನುತ್ತಿತ್ತು. ಆದರೆ ಕಿಂಡಿಯ ಮುಂದೆ ಹಿಡಿದ ಬೆರಳಿಗೆ ಬಂದದ್ದು ಉಸಿರಿನಷ್ಟು ಗಾಳಿ. ಫ್ಯಾನ್ ತಿರುಗುತ್ತಿದೆ, ಗಾಳಿ ದಾಟುತ್ತಿಲ್ಲ. ಹಾಗಾಗಿ ತಂಪುಗೊಳಿಸುವ ರೆಕ್ಕೆಗಳಲ್ಲಿ ಧೂಳು ಕಟ್ಟಿರಬೇಕು, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಲೂಬಹುದು. ಇದು ಮದ್ದಿರುವ ಕಾಯಿಲೆ. ಅಂಗಡಿಯ ಹುಡುಗ ತಳ ಬಿಚ್ಚಿ, ಧೂಳಿನ ಹೆಪ್ಪು ತೆಗೆದು, ಪೇಸ್ಟ್ ಹಚ್ಚಿ ಕೊಟ್ಟ. ಮತ್ತೆ ಓಡಿಸಿದಾಗ 88 ಡಿಗ್ರಿ, 2.3 ಗಿಗಾಹರ್ಟ್ಸ್‌ನಲ್ಲಿ ನಿಂತಿತು. ಶುಚಿ ಮಾಡಿದ ಮೇಲೂ ವೇಗ ಏರದಿದ್ದರೆ ದೋಷ ಇನ್ನೂ ಆಳದಲ್ಲಿದೆ ಎಂದು ಕೈಬಿಡಬೇಕಿತ್ತು.

ಕೊನೆಗೆ ಬ್ಯಾಟರಿ. ಮೊದಲು ಕಣ್ಣಿನ ಪರೀಕ್ಷೆ: ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೊಟ್ಟಿಲಿನಂತೆ ತೂಗಿದರೆ, ಟಚ್‌ಪ್ಯಾಡ್ ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ. ಅಂಥದ್ದನ್ನು ಚಾರ್ಜ್ ಮಾಡುವುದೂ ಅಪಾಯ. ಅದಿಲ್ಲವೆಂದರೆ ಈ ಆದೇಶ:

```
powercfg /batteryreport
```

ಇದು ಒಂದು ವರದಿಯನ್ನು ಕಡತವಾಗಿ ಉಳಿಸುತ್ತದೆ. ಅದರಲ್ಲಿ `DESIGN CAPACITY` ಹುಟ್ಟಿನ ಶಕ್ತಿ, `FULL CHARGE CAPACITY` ಈಗ ಉಳಿದದ್ದು. ಟಿ480ಯಲ್ಲಿ ಎರಡು ಬ್ಯಾಟರಿ, ಒಂದು ಒಳಗೆ, ಇನ್ನೊಂದು ಹಿಂದಿನಿಂದ ಕಳಚಿ ತೆಗೆಯುವಂಥದ್ದು. ಎರಡೂ ಹುಟ್ಟಿದ್ದು ಸುಮಾರು 24 ವಾಟ್‌ಗಂಟೆಯೊಂದಿಗೆ. ಈಗ ಒಳಗಿನದರಲ್ಲಿ 19.2, ಹೊರಗಿನದರಲ್ಲಿ 9.6 ಉಳಿದಿತ್ತು. ಚಾರ್ಜ್ ಸುತ್ತುಗಳು ಒಳಗಿನದಕ್ಕೆ 143, ಹೊರಗಿನದಕ್ಕೆ 611. ಥಿಂಕ್‌ಪ್ಯಾಡ್ ಮೊದಲು ಹೊರಗಿನ ಬ್ಯಾಟರಿಯನ್ನು ಖಾಲಿ ಮಾಡಿ ಆಮೇಲೆ ಒಳಗಿನದಕ್ಕೆ ಕೈಹಾಕುವುದರಿಂದ ಸವೆತವೂ ಹಾಗೆಯೇ ಹಂಚಿಕೆಯಾಗಿದೆ. ಒಟ್ಟು 48ರಲ್ಲಿ 28.8, ಅಂದರೆ ಶೇ 60. ಸಾಧಾರಣ ಕೆಲಸಕ್ಕೆ 8 ವಾಟ್ ಎಂದು ಹಿಡಿದರೆ ಮೂರೂವರೆ ಗಂಟೆ.

ಈ ಲೆಕ್ಕವನ್ನೂ ತಿದ್ದಬಹುದು. ಹಳೆಯ ಬ್ಯಾಟರಿಯಲ್ಲಿ ಎರಡು ಅಂಕಿಗಳೂ ಒಂದೇ ಆಗಿದ್ದು ಸುತ್ತು ಸೊನ್ನೆ ಎಂದಿದ್ದರೆ ಅನುಮಾನಿಸಬೇಕು. ಮಾವ ಚಾರ್ಜರ್ ಕಿತ್ತು ಇಪ್ಪತ್ತು ನಿಮಿಷ ವಿಡಿಯೊ ಹಾಕಿದರು. ಹೊರಗಿನ ಬ್ಯಾಟರಿ ಶೇ 31ರಿಂದ ಒಂದೇ ಏಟಿಗೆ 7ಕ್ಕೆ ಜಾರಿತು. ಅದು ವರದಿ ಹೇಳಿದ್ದಕ್ಕಿಂತಲೂ ಸೋತಿತ್ತು.

ಹೊರಗಿನ ಬ್ಯಾಟರಿ ಸೋತಿದ್ದಕ್ಕೆ ಮಾವ ಚಿಂತಿಸಲಿಲ್ಲ, ಏಕೆಂದರೆ ಅದನ್ನು ಬಿಚ್ಚದೆಯೇ ಬದಲಿಸಬಹುದು. ಬೇರೆ ಬ್ಯಾಟರಿಯ ಬೆಲೆ ಕಳೆದು ಕೊಡಿ ಎಂದರು. ಚೌಕಾಸಿ 16,500ಕ್ಕೆ ನಿಂತಿತು. ಲ್ಯಾಪ್‌ಟಾಪಿನ ತಳದಲ್ಲಿರುವ ಸೀರಿಯಲ್ ನಂಬರನ್ನು ಬಯಾಸ್‌ನಲ್ಲಿರುವುದಕ್ಕೆ ತಾಳೆ ನೋಡಿ, ಅದನ್ನೇ ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆ ಅವರು ಹಣ ಎಣಿಸಿದರು.